ಮಾಯವಾದ ವಿದ್ಯುತ್ ಬಿಲ್ ಸ್ಕ್ರೀನ್‌ಶಾಟ್: ಯೂನಿಟ್, ಸ್ಲ್ಯಾಬ್, ಶುಲ್ಕಗಳನ್ನು ಮತ್ತೆ ಟೈಪ್ ಮಾಡುವುದು ಹೇಗೆ?

ವಿದ್ಯುತ್ ಬಿಲ್ ಹೆಚ್ಚು ಬಂದಿದೆ ಎಂದು ಅನುಮಾನ ಬಂದವರು ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದು, ಲೆಕ್ಕ ಬಲ್ಲ ಯಾರಿಗಾದರೂ ಕಳುಹಿಸುತ್ತಾರೆ. ಆ ಚಿತ್ರ ಒಮ್ಮೆ ಮಾತ್ರ ನೋಡಲು ಬರುವಂತೆ ಹೋಗಿರುತ್ತದೆ, ಅಥವಾ ಮಾಯವಾಗುವ ಸಂದೇಶಗಳ ಅವಧಿ ಮುಗಿದಿರುತ್ತದೆ, ಅಥವಾ ಕಳುಹಿಸಿದವರೇ ಗ್ಯಾಲರಿ ಖಾಲಿ ಮಾಡುವಾಗ ಅಳಿಸಿಬಿಟ್ಟಿರುತ್ತಾರೆ. ಪಡೆದವರು ಓದಲು ಕುಳಿತಾಗ ಚಿತ್ರವೇ ಇರುವುದಿಲ್ಲ. ಆಗ ‘ಅಂಕಿಗಳನ್ನು ಟೈಪ್ ಮಾಡಿ ಕಳುಹಿಸಿ’ ಎಂದು ಕೇಳಿದರೆ ಹೆಚ್ಚಿನವರಿಂದ ಬರುವುದು ಒಂದೇ ಸಾಲು: ‘ಸಾವಿರದ ಮುನ್ನೂರು ಚಿಲ್ಲರೆ ಬಂದಿದೆ’. ಆ ಒಂದು ಸಾಲಿನಿಂದ ಬಿಲ್ ಸರಿಯೋ ತಪ್ಪೋ ಎಂದು ಯಾರೂ ಹೇಳಲಾರರು.

ಆದರೂ ಕೈಚೆಲ್ಲಬೇಕಾಗಿಲ್ಲ. ವಿದ್ಯುತ್ ಬಿಲ್ಲಿನ ಅಂಕಿಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿರುತ್ತವೆ. ಎರಡು ರೀಡಿಂಗ್‌ಗಳಿಂದ ಯೂನಿಟ್ ಬರುತ್ತದೆ, ಯೂನಿಟ್ ಮತ್ತು ದಿನಗಳಿಂದ ಸ್ಲ್ಯಾಬ್, ಅಂದರೆ ದರದ ಹಂತ, ಬರುತ್ತದೆ, ಸ್ಲ್ಯಾಬ್‌ನಿಂದ ಶುಲ್ಕ ಬರುತ್ತದೆ, ಶುಲ್ಕದಿಂದ ತೆರಿಗೆ ಬರುತ್ತದೆ. ನಾಲ್ಕೈದು ಅಂಕಿ ಕೈಯಲ್ಲಿದ್ದರೆ ಉಳಿದವನ್ನು ಲೆಕ್ಕ ಹಾಕಿ ತೆಗೆಯಬಹುದು, ತಪ್ಪಾಗಿ ನೆನಪಿಟ್ಟುಕೊಂಡದ್ದನ್ನು ಪತ್ತೆ ಹಚ್ಚಲೂಬಹುದು. ಇದಕ್ಕೆ ಒಂದೇ ಷರತ್ತು: ಕಣ್ಣಾರೆ ಕಂಡದ್ದು, ನೆನಪಿನಿಂದ ಹೇಳಿದ್ದು, ಲೆಕ್ಕ ಹಾಕಿ ತೆಗೆದದ್ದು ಈ ಮೂರೂ ಕಲಸಿಹೋಗಬಾರದು.

ಮೊದಲು ಚಿತ್ರವನ್ನೇ ಹುಡುಕಿ, ಆದರೆ ಸರಿಯಾದ ಜಾಗದಲ್ಲಿ

ಹುಡುಕಬೇಕಾದದ್ದು ಪಡೆದವರ ಫೋನಿನಲ್ಲಲ್ಲ, ಕಳುಹಿಸಿದವರ ಫೋನಿನಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಒಮ್ಮೆ ಮಾತ್ರ ನೋಡುವಂತೆ ಕಳುಹಿಸಿದ ಚಿತ್ರ ಪಡೆದವರ ಗ್ಯಾಲರಿಗೆ ಸೇರುವುದೇ ಇಲ್ಲ. ತೆರೆದು ಮುಚ್ಚಿದರೆ ಅಲ್ಲಿಗೆ ಮುಗಿಯಿತು, 14 ದಿನ ತೆರೆಯದೇ ಬಿಟ್ಟರೂ ಅದು ಹೋಗುತ್ತದೆ. ಮಾಯವಾಗುವ ಸಂದೇಶಗಳಿಗೆ 24 ಗಂಟೆ, 7 ದಿನ ಅಥವಾ 90 ದಿನಗಳ ಅವಧಿ ಇರುತ್ತದೆ. ಆದರೆ ಕಳುಹಿಸಿದವರು ಗ್ಯಾಲರಿಯಿಂದ ಆರಿಸಿ ಕಳುಹಿಸಿದ್ದರೆ, ಸಂಭಾಷಣೆಯಿಂದ ಚಿತ್ರ ಹೋದರೂ ಅವರ ಗ್ಯಾಲರಿಯ ಮೂಲ ಪ್ರತಿ ಹಾಗೆಯೇ ಇರುತ್ತದೆ. ಸ್ಕ್ರೀನ್‌ಶಾಟ್‌ಗಳಿಗೆ ಫೋನಿನಲ್ಲಿ ಸಾಮಾನ್ಯವಾಗಿ `Screenshots` ಎಂಬ ಪ್ರತ್ಯೇಕ ಫೋಲ್ಡರ್ ಇರುತ್ತದೆ, ಅಲ್ಲಿ ನೋಡಲು ಹೇಳಿ.

ಅಲ್ಲಿಂದಲೂ ಅಳಿಸಿದ್ದರೆ ಕಸದ ಬುಟ್ಟಿಯನ್ನು ನೋಡಬೇಕು. ಐಫೋನ್‌ನಲ್ಲಿ ಅಳಿಸಿದ ಚಿತ್ರ `Recently Deleted` ಎಂಬಲ್ಲಿ 30 ದಿನ ಉಳಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರ `Trash` ನಲ್ಲಿ 60 ದಿನ ಇರುತ್ತದೆ. ಇಲ್ಲಿಗೆ ಸಿಗದಿದ್ದರೆ ಹುಡುಕಾಟ ನಿಲ್ಲಿಸಿ. ಅಳಿಸಿದ ಚಿತ್ರ ಮರಳಿ ತರುತ್ತೇವೆ ಎನ್ನುವ ಅಪರಿಚಿತ ಆ್ಯಪ್‌ಗಳಿಗೆ ಗ್ಯಾಲರಿಯ ಬಾಗಿಲು ತೆರೆದುಕೊಡುವಷ್ಟು ಬೆಲೆ ಒಂದು ಬಿಲ್ಲಿನ ಚಿತ್ರಕ್ಕಿಲ್ಲ. ಬಿಲ್ ನೀಡಿದ ಸಂಸ್ಥೆಯ ಆ್ಯಪ್ ಅಥವಾ ಜಾಲತಾಣದಲ್ಲಿ ಅದೇ ಬಿಲ್ ಇನ್ನೂ ತೆರೆದುಕೊಂಡರೆ ಎಲ್ಲಕ್ಕಿಂತ ಒಳ್ಳೆಯದು. ಅದೂ ಆಗದಿದ್ದಾಗ ಮಾಡಬೇಕಾದದ್ದನ್ನೇ ಮುಂದೆ ಬರೆದಿದ್ದೇನೆ.

ಚಿತ್ರದ ಹೊರಗೆ ಉಳಿದಿರುವ ಅಂಕಿಗಳನ್ನು ಒಟ್ಟುಮಾಡಿ

ಬಿಲ್ಲಿನ ಬಹುಪಾಲು ಅಂಕಿಗಳು ಇನ್ನೊಂದು ಕಡೆಯೂ ಇರುತ್ತವೆ. ಹಿಂದಿನ ತಿಂಗಳ ಬಿಲ್ ಇದ್ದರೆ ಅದರಲ್ಲಿ ‘ಈಗಿನ ರೀಡಿಂಗ್’ ಎಂದು ಇರುವುದೇ ಕಳೆದುಹೋದ ಬಿಲ್ಲಿನ ‘ಹಿಂದಿನ ರೀಡಿಂಗ್’. ಮಂಜೂರಾದ ಲೋಡ್, ಸ್ಲ್ಯಾಬ್‌ಗಳ ದರ, ನಿಗದಿತ ಶುಲ್ಕದ ದರ, ತೆರಿಗೆಯ ಪ್ರಮಾಣ ಇವೂ ಅದರಲ್ಲೇ ಸಿಗುತ್ತವೆ. ನಡುವೆ ದರ ಪರಿಷ್ಕರಣೆ ಆಗಿಲ್ಲದಿದ್ದರೆ ಅವು ಬದಲಾಗಿರುವುದಿಲ್ಲ. ಇಂಧನ ಹೊಂದಾಣಿಕೆ ಶುಲ್ಕದ ದರ ಮಾತ್ರ ತಿಂಗಳಿಂದ ತಿಂಗಳಿಗೆ ಏರಿಳಿಯಬಹುದು, ಆದ್ದರಿಂದ ಅದನ್ನು ಹಳೆಯ ಬಿಲ್ಲಿನಿಂದ ಎತ್ತಿಕೊಂಡರೆ ಪಕ್ಕದಲ್ಲಿ ಹಾಗೆಂದು ಬರೆಯಿರಿ.

ಎರಡನೆಯ ಮೂಲ ಮೀಟರ್. ಡಿಜಿಟಲ್ ಮೀಟರಿನ ಪರದೆಯಲ್ಲಿ ಹಲವು ಅಂಕಿಗಳು ಒಂದಾದ ಮೇಲೊಂದು ಬರುತ್ತವೆ: ದಿನಾಂಕ, ಸಮಯ, ವೋಲ್ಟೇಜ್, ಗರಿಷ್ಠ ಬೇಡಿಕೆ ಹೀಗೆ. ನಮಗೆ ಬೇಕಾದದ್ದು ಪಕ್ಕದಲ್ಲಿ `kWh` ಎಂದಿರುವ ಅಂಕಿ. `kW` ಎಂದಷ್ಟೇ ಇದ್ದರೆ ಅದು ಬೇಡಿಕೆ, `kVAh` ಎಂದಿದ್ದರೆ ಅದು ಬೇರೆ ಅಳತೆ. ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್‌ಗಂಟೆ, ಅಂದರೆ ಒಂದು `kWh`. ಪರದೆ ಎರಡು ಸುತ್ತು ಪೂರ್ತಿ ತಿರುಗುವವರೆಗೆ ಕಾದು ಎರಡು ಸಲವೂ ಅದೇ ಅಂಕಿಯನ್ನು ಬರೆದುಕೊಂಡರೆ ತಪ್ಪು ಸಾಲನ್ನು ಎತ್ತಿಕೊಳ್ಳುವ ಭಯ ಇರುವುದಿಲ್ಲ. ಬಿಂದುವಿನ ನಂತರದ ಅಂಕಿಯನ್ನೂ ಬರೆದುಕೊಳ್ಳಿ, ಆದರೆ ಬಿಲ್ಲಿನಲ್ಲಿ ಸಾಮಾನ್ಯವಾಗಿ ಪೂರ್ಣಾಂಕವನ್ನೇ ಹಿಡಿಯುತ್ತಾರೆ ಎಂಬುದು ನೆನಪಿರಲಿ.

ಮೂರನೆಯದು ಸಣ್ಣಪುಟ್ಟ ಸುಳಿವುಗಳು: ಬಿಲ್ ಬಂದಾಗಿನ ಎಸ್ಎಂಎಸ್, ಹಣ ಕಟ್ಟಿದ್ದರೆ ಪಾವತಿಯ ದಾಖಲೆ, ರೀಡಿಂಗ್ ತೆಗೆದುಕೊಳ್ಳಲು ಬಂದ ದಿನ. ಆ ದಿನ ಯಾವುದು ಎಂಬುದನ್ನು ಜನ ಹೇಳುವುದೇ ಇಲ್ಲ, ಆದರೆ ಅದಿಲ್ಲದೆ ಸ್ಲ್ಯಾಬ್ ಲೆಕ್ಕ ಕೂಡುವುದಿಲ್ಲ. ಏಕೆಂದು ಮುಂದೆ ಉದಾಹರಣೆಯಲ್ಲಿ ತಿಳಿಯುತ್ತದೆ.

ಟೈಪ್ ಮಾಡುವ ಕ್ರಮ

ಎಲ್ಲರೂ ಕೊನೆಯ ಮೊತ್ತದಿಂದ ಶುರುಮಾಡುತ್ತಾರೆ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ: ದಿನಾಂಕದಿಂದ ಶುರುಮಾಡಿ, ನಂತರ ರೀಡಿಂಗ್, ನಂತರ ಯೂನಿಟ್, ಆಮೇಲೆ ಒಂದೊಂದು ಸ್ಲ್ಯಾಬ್, ಆಮೇಲೆ ಉಳಿದ ಶುಲ್ಕಗಳು, ಕಟ್ಟಕಡೆಗೆ ಮೊತ್ತ. ಹೀಗೆ ಬರೆದರೆ ಓದುವವರು ಮೇಲಿನಿಂದ ಕೆಳಕ್ಕೆ ಬರುತ್ತಲೇ ಲೆಕ್ಕ ಪರೀಕ್ಷಿಸಬಹುದು, ಎಲ್ಲಿ ಎಡವಿತು ಎಂಬುದು ಆ ಸಾಲಿನಲ್ಲೇ ತಿಳಿಯುತ್ತದೆ.

ಒಂದು ಸಾಲಿಗೆ ಒಂದೇ ವಿಷಯ ಇರಲಿ. ಖಾಲಿ ಜಾಗ ಬಿಟ್ಟು ಕೋಷ್ಟಕದಂತೆ ಜೋಡಿಸಿದರೆ ಇನ್ನೊಬ್ಬರ ಫೋನಿನಲ್ಲಿ ಅದು ಚೆಲ್ಲಾಪಿಲ್ಲಿಯಾಗುತ್ತದೆ. ಗುಣಾಕಾರಕ್ಕೆ ನಕ್ಷತ್ರ ಚಿಹ್ನೆ ಬಳಸಬೇಡಿ. ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳಲ್ಲಿ ಎರಡು ನಕ್ಷತ್ರಗಳ ನಡುವಿನ ಬರಹವನ್ನು ದಪ್ಪ ಅಕ್ಷರ ಮಾಡು ಎಂದು ಅರ್ಥೈಸಿ ಆ ಚಿಹ್ನೆಗಳನ್ನೇ ನುಂಗಿಬಿಡುವುದುಂಟು. ಅದರ ಬದಲು x ಎಂದು ಬರೆದರೆ ಸಾಕು. ದಿನಾಂಕ ಬರೆಯುವಾಗ ತಿಂಗಳ ಹೆಸರನ್ನೇ ಬರೆಯಿರಿ, ಏಕೆಂದರೆ 06-04 ಎಂಬುದನ್ನು ಏಪ್ರಿಲ್ 6 ಎಂದೂ ಓದಬಹುದು, ಜೂನ್ 4 ಎಂದೂ ಓದಬಹುದು. ಪೈಸೆಯನ್ನು ಬಿಡಬೇಡಿ. ಸಹಾಯಧನ, ಹಿಂದೆ ಹೆಚ್ಚು ಕಟ್ಟಿದ್ದರ ಜಮೆ ಮುಂತಾದ ಕಳೆಯುವ ಮೊತ್ತಗಳ ಮುಂದೆ ಕಡ್ಡಾಯವಾಗಿ ಋಣ ಚಿಹ್ನೆ ಹಾಕಿ.

ಪ್ರತಿ ಸಾಲಿನ ಕೊನೆಯಲ್ಲಿ ಅದು ಎಲ್ಲಿಂದ ಬಂತು ಎಂದು ಒಂದು ಪದದಲ್ಲಿ ಬರೆಯಿರಿ: ಕಂಡದ್ದು, ನೆನಪು ಅಥವಾ ಲೆಕ್ಕ. ಗೊತ್ತಿಲ್ಲದ ಕಡೆ ‘ಗೊತ್ತಿಲ್ಲ’ ಎಂದೇ ಬರೆಯಿರಿ, ಸೊನ್ನೆ ಹಾಕಬೇಡಿ. ಬಾಕಿ ಸೊನ್ನೆ ಎಂದರೆ ಬಾಕಿ ಇಲ್ಲ ಎಂದು ಅರ್ಥ, ಬಾಕಿ ಗೊತ್ತಿಲ್ಲ ಎಂಬುದು ಸಂಪೂರ್ಣ ಬೇರೆ ಮಾತು.

ಇನ್ನೊಂದು ಎಚ್ಚರಿಕೆ. ಗ್ರಾಹಕ ಸಂಖ್ಯೆ, ಫೋನ್ ಸಂಖ್ಯೆ, ವಿಳಾಸ ಇವನ್ನು ಟೈಪ್ ಮಾಡುವ ಅಗತ್ಯವೇ ಇಲ್ಲ. ಲೆಕ್ಕ ಪರೀಕ್ಷಿಸುವವರಿಗೆ ಅವು ಯಾವ ಉಪಯೋಗಕ್ಕೂ ಬರುವುದಿಲ್ಲ. ಗ್ರಾಹಕ ಸಂಖ್ಯೆ ಸಿಕ್ಕಿದರೆ ಎಷ್ಟೋ ಪಾವತಿ ಆ್ಯಪ್‌ಗಳಲ್ಲಿ ಯಾರು ಬೇಕಾದರೂ ಆ ಮನೆಯ ಬಿಲ್ ಮೊತ್ತ ನೋಡಬಹುದು, ಅದನ್ನು ಹೇಳಿ ನಂಬಿಸಿ ಮೋಸ ಮಾಡುವವರೂ ಇದ್ದಾರೆ.

ಒಂದು ಬಿಲ್ಲನ್ನು ಪೂರ್ತಿಯಾಗಿ ಕಟ್ಟಿ ನೋಡೋಣ

ಈಗ ಒಂದು ಉದಾಹರಣೆ. ಇದರ ದರಗಳನ್ನು ಲೆಕ್ಕದ ದಾರಿ ತೋರಿಸಲೆಂದೇ ಇಟ್ಟುಕೊಂಡಿದ್ದೇನೆ. ನಿಮ್ಮ ಬಿಲ್ಲಿಗೆ ನಿಮ್ಮ ದರಗಳನ್ನೇ ಹಾಕಬೇಕು.

ಚಿಕ್ಕಮ್ಮ ಒಬ್ಬರು ಅಕ್ಕನ ಮಗನಿಗೆ ಸ್ಕ್ರೀನ್‌ಶಾಟ್ ಕಳುಹಿಸಿದ್ದಾರೆ, ಅವನು ತೆರೆಯುವಷ್ಟರಲ್ಲಿ ಅದು ಹೋಗಿದೆ. ಒಟ್ಟು 1,386 ರೂಪಾಯಿ ಇತ್ತು ಎಂದು ಚಿಕ್ಕಮ್ಮನಿಗೆ ನೆನಪಿದೆ. ಯೂನಿಟ್ ಎಷ್ಟೆಂದು ನೆನಪಿಲ್ಲ. ಹಿಂದಿನ ಬಿಲ್ ಕೈಯಲ್ಲಿದೆ: ಮಾರ್ಚ್ 1ರಂದು ರೀಡಿಂಗ್ 8412, ಮಂಜೂರಾದ ಲೋಡ್ 3 ಕಿಲೋವಾಟ್. ದರ ಹೀಗಿದೆ: 30 ದಿನಕ್ಕೆ ಮೊದಲ 50 ಯೂನಿಟ್‌ಗೆ 4.00 ರೂಪಾಯಿ, ನಂತರದ 50 ಯೂನಿಟ್‌ಗೆ 5.50, ಅದಕ್ಕಿಂತ ಮೇಲಿನದಕ್ಕೆ 7.00. ನಿಗದಿತ ಶುಲ್ಕ ಕಿಲೋವಾಟ್‌ಗೆ 30 ದಿನಕ್ಕೆ 90 ರೂಪಾಯಿ. ಇಂಧನ ಹೊಂದಾಣಿಕೆ ಯೂನಿಟ್‌ಗೆ 30 ಪೈಸೆ. ತೆರಿಗೆ 10 ಶೇಕಡಾ. ಈ ಸಲ ರೀಡಿಂಗ್‌ಗೆ ಬಂದದ್ದು ಏಪ್ರಿಲ್ 6ರಂದು ಎಂಬುದು ಕ್ಯಾಲೆಂಡರ್‌ನಲ್ಲಿದೆ. ಬಾಕಿ ಇಲ್ಲ ಎಂದು ಚಿಕ್ಕಮ್ಮ ಖಚಿತವಾಗಿ ಹೇಳುತ್ತಾರೆ, ಹಿಂದಿನ ಬಿಲ್ ಕಟ್ಟಿದ ರಸೀದಿ ಅವರ ಬಳಿ ಇದೆ.

ಮೊದಲ ಕೆಲಸ ದಿನ ಎಣಿಸುವುದು. ಮಾರ್ಚ್ 1ರಿಂದ ಏಪ್ರಿಲ್ 6ಕ್ಕೆ 36 ದಿನ. ಬಿಲ್ ಅವಧಿ ತಿಂಗಳಿಗಿಂತ ಉದ್ದವಾದರೆ ಸ್ಲ್ಯಾಬ್‌ನ ಮಿತಿಗಳನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸುವ ಪದ್ಧತಿ ಹಲವು ಕಡೆ ಇದೆ. ತಡವಾಗಿ ರೀಡಿಂಗ್ ತೆಗೆದದ್ದಕ್ಕೆ ಗ್ರಾಹಕ ಮೇಲಿನ ದರ ಕಟ್ಟಬೇಕಾಗಬಾರದು ಎಂಬುದು ಇದರ ಉದ್ದೇಶ. ಅದು ನ್ಯಾಯವೂ ಹೌದು. 36 ಅನ್ನು 30ರಿಂದ ಭಾಗಿಸಿದರೆ 1.2. ಹೀಗಾಗಿ 50 ಯೂನಿಟ್‌ನ ಸ್ಲ್ಯಾಬ್ ಈ ಬಿಲ್ಲಿನಲ್ಲಿ 60 ಆಗುತ್ತದೆ. ನಿಗದಿತ ಶುಲ್ಕ 3 x 90 = 270, ಅದನ್ನು 1.2ರಿಂದ ಗುಣಿಸಿದರೆ 324. ನಿಮ್ಮಲ್ಲಿ ಈ ಪದ್ಧತಿ ಇದೆಯೇ ಎಂಬುದನ್ನು ಹಳೆಯ ಬಿಲ್ಲಿನಿಂದಲೇ ತಿಳಿಯಬಹುದು: ಮೊದಲ ಸ್ಲ್ಯಾಬ್‌ನ ಯೂನಿಟ್ ಅಲ್ಲಿ ಸರಿಯಾಗಿ 50 ಇರದೆ 48 ಅಥವಾ 53 ಎಂಬಂತೆ ಇದ್ದರೆ ದಿನದ ಲೆಕ್ಕ ಹಿಡಿದಿದ್ದಾರೆ ಎಂದೇ ಅರ್ಥ.

ಈಗ ನೆನಪಿನ ಮೊತ್ತದಿಂದ ಹಿಂದಕ್ಕೆ ಹೋಗಿ ಯೂನಿಟ್ ತೆಗೆಯೋಣ. ಈ ಬಿಲ್ಲಿನಲ್ಲಿ ತೆರಿಗೆ ಇರುವುದು ವಿದ್ಯುತ್ ಶುಲ್ಕ ಮತ್ತು ಇಂಧನ ಹೊಂದಾಣಿಕೆ ಎರಡರ ಮೇಲೆ, ನಿಗದಿತ ಶುಲ್ಕದ ಮೇಲೆ ಇಲ್ಲ. ಅದನ್ನು ತಿಳಿಯುವುದೂ ಹಳೆಯ ಬಿಲ್ಲಿನಿಂದಲೇ. ಅಲ್ಲಿನ ತೆರಿಗೆಯ ಮೊತ್ತವನ್ನು ತೆರಿಗೆಯ ಪ್ರಮಾಣದಿಂದ ಭಾಗಿಸಿ, ಬಂದ ಅಂಕಿ ಯಾವ ಸಾಲುಗಳ ಮೊತ್ತಕ್ಕೆ ಸರಿಹೊಂದುತ್ತದೆ ಎಂದು ನೋಡಿದರೆ ಸಾಕು.

ಒಟ್ಟು 1386ರಿಂದ ನಿಗದಿತ ಶುಲ್ಕ 324 ಕಳೆದರೆ 1062. ಅದರಲ್ಲಿ 10 ಶೇಕಡಾ ತೆರಿಗೆ ಸೇರಿರುವುದರಿಂದ 1.10ರಿಂದ ಭಾಗಿಸಿದರೆ 965.45. ಇದು ವಿದ್ಯುತ್ ಶುಲ್ಕ ಮತ್ತು ಇಂಧನ ಹೊಂದಾಣಿಕೆಯ ಮೊತ್ತ. ಪ್ರತಿ ಯೂನಿಟ್‌ಗೆ ಇಂಧನ ಹೊಂದಾಣಿಕೆಯ 30 ಪೈಸೆ ಸೇರಿಸಿದರೆ ಮೂರು ಸ್ಲ್ಯಾಬ್‌ಗಳ ದರ 4.30, 5.80 ಮತ್ತು 7.30 ಆಗುತ್ತದೆ. ಮೊದಲ 60 ಯೂನಿಟ್‌ಗೆ 258, ನಂತರದ 60 ಯೂನಿಟ್‌ಗೆ 348, ಎರಡೂ ಸೇರಿ 606. ಉಳಿದದ್ದು 359.45. ಅದನ್ನು 7.30ರಿಂದ ಭಾಗಿಸಿದರೆ 49.24 ಯೂನಿಟ್.

ಇಲ್ಲಿ ನಿಲ್ಲಬೇಕು. ಈ ಬಿಲ್ಲುಗಳಲ್ಲಿ ಯೂನಿಟ್ ಪೂರ್ಣಾಂಕ, 49.24 ಯೂನಿಟ್ ಎಂದು ಬರುವುದಿಲ್ಲ. ಮೊತ್ತವನ್ನು ಹತ್ತಿರದ ರೂಪಾಯಿಗೆ ಸರಿಮಾಡಿದ್ದರಿಂದ ಹೀಗಾಯಿತೇ? ಅದೂ ಅಲ್ಲ. ಐವತ್ತು ಪೈಸೆಯ ವ್ಯತ್ಯಾಸ ಈ ಸ್ಲ್ಯಾಬ್‌ನಲ್ಲಿ ಯೂನಿಟ್‌ನ ಲೆಕ್ಕವನ್ನು 0.06ರಷ್ಟು ಮಾತ್ರ ಅಲುಗಿಸಬಲ್ಲದು. 0.24 ಅದರ ನಾಲ್ಕು ಪಟ್ಟು. ಅಂದರೆ ನೆನಪಿನ ಮೊತ್ತ ತಪ್ಪಿರಬೇಕು, ಇಲ್ಲವೇ ಬಿಲ್ಲಿನಲ್ಲಿ ನಮಗೆ ಗೊತ್ತಿಲ್ಲದ ಇನ್ನೊಂದು ಸಾಲು ಇರಬೇಕು. ಯಾವುದು ಎಂಬುದನ್ನು ಮೀಟರ್ ಹೇಳುತ್ತದೆ.

ಚಿಕ್ಕಮ್ಮ ಏಪ್ರಿಲ್ 18ರಂದು, ರೀಡಿಂಗ್ ತೆಗೆದ 12 ದಿನಗಳ ಮೇಲೆ, ಮೀಟರ್ ನೋಡುತ್ತಾರೆ: 8634. ಹಿಂದಿನ ಬಿಲ್ಲಿನ 8412ರಿಂದ ಇಲ್ಲಿಯವರೆಗೆ 48 ದಿನಗಳಲ್ಲಿ 222 ಯೂನಿಟ್ ಆಗಿದೆ, ದಿನಕ್ಕೆ ಸುಮಾರು 4.6. ಅದೇ ವೇಗದಲ್ಲಿ 36 ದಿನಕ್ಕೆ 166 ಅಥವಾ 167 ಯೂನಿಟ್ ಆಗಬೇಕು. ನೆನಪಿನ ಮೊತ್ತದಿಂದ ತೆಗೆದದ್ದು 120 ಮತ್ತು 49 ಸೇರಿ 169. ದೂರವೇನೂ ಇಲ್ಲ, ಹೀಗಾಗಿ ದೊಡ್ಡದೊಂದು ಸಾಲು ಬಿಟ್ಟುಹೋಗಿಲ್ಲ. ಆದರೆ ಸರಿಯಾಗಿ ಕೂಡುವುದೂ ಇಲ್ಲ.

ಈಗ 167 ಯೂನಿಟ್ ಎಂದಿಟ್ಟುಕೊಂಡು ಮೇಲಿನಿಂದ ಕೆಳಕ್ಕೆ ಲೆಕ್ಕ ಹಾಕೋಣ. ಮೊದಲ 60ಕ್ಕೆ 240, ನಂತರದ 60ಕ್ಕೆ 330, ಉಳಿದ 47ಕ್ಕೆ 329, ಒಟ್ಟು 899 ರೂಪಾಯಿ ವಿದ್ಯುತ್ ಶುಲ್ಕ. ಇಂಧನ ಹೊಂದಾಣಿಕೆ 167 x 0.30 = 50.10. ಎರಡೂ ಸೇರಿ 949.10, ಅದರ ಮೇಲೆ ತೆರಿಗೆ 94.91. ನಿಗದಿತ ಶುಲ್ಕ 324 ಸೇರಿಸಿದರೆ 1368.01, ರೂಪಾಯಿಗೆ ಸರಿಮಾಡಿದರೆ 1368.

ಚಿಕ್ಕಮ್ಮ ಹೇಳಿದ್ದು 1386. ಲೆಕ್ಕ ಕೊಟ್ಟದ್ದು 1368. ಕೊನೆಯ ಎರಡು ಅಂಕಿಗಳು ನೆನಪಿನಲ್ಲಿ ಜಾಗ ಬದಲಿಸಿಕೊಂಡಿವೆ. 166 ಯೂನಿಟ್ ಹಿಡಿದು ಲೆಕ್ಕ ಹಾಕಿದರೆ 1360 ಬರುತ್ತದೆ, ಅದನ್ನು 1386 ಎಂದು ತಪ್ಪು ಹೇಳಲು ಕಾರಣ ಕಾಣುವುದಿಲ್ಲ. ಆದ್ದರಿಂದ 167 ಯೂನಿಟ್, 8579 ಎಂಬ ರೀಡಿಂಗ್, 1368 ರೂಪಾಯಿ ಎಂಬುದೇ ನಂಬಲರ್ಹ. ಎಸ್ಎಂಎಸ್‌ನಲ್ಲಿ ಅಥವಾ ಪಾವತಿ ಆ್ಯಪ್‌ನಲ್ಲಿ 1368 ಎಂಬುದು ಸಿಕ್ಕಿದರೆ ಅನುಮಾನಕ್ಕೆ ಎಡೆಯೇ ಇಲ್ಲ.

ಇಷ್ಟಾದ ಮೇಲೆ ಕಳುಹಿಸಬೇಕಾದ ಬರಹ ಹೀಗಿರುತ್ತದೆ:

```
ಅವಧಿ: ಮಾರ್ಚ್ 1 ರಿಂದ ಏಪ್ರಿಲ್ 6, 36 ದಿನ - ಕಂಡದ್ದು
ಹಿಂದಿನ ರೀಡಿಂಗ್: 8412 - ಕಂಡದ್ದು
ಈಗಿನ ರೀಡಿಂಗ್: 8579 - ಲೆಕ್ಕ
ಯೂನಿಟ್: 167 - ಲೆಕ್ಕ
ಸ್ಲ್ಯಾಬ್ 1: 60 x 4.00 = 240.00 - ಲೆಕ್ಕ
ಸ್ಲ್ಯಾಬ್ 2: 60 x 5.50 = 330.00 - ಲೆಕ್ಕ
ಸ್ಲ್ಯಾಬ್ 3: 47 x 7.00 = 329.00 - ಲೆಕ್ಕ
ನಿಗದಿತ: 3 x 90 x 1.2 = 324.00 - ಲೆಕ್ಕ
ಇಂಧನ ಹೊಂದಾಣಿಕೆ: 167 x 0.30 = 50.10 - ಲೆಕ್ಕ
ತೆರಿಗೆ: 10% = 94.91 - ಲೆಕ್ಕ
ಬಾಕಿ: 0 - ಕಂಡದ್ದು, ರಸೀದಿ ಇದೆ
ಒಟ್ಟು: 1368 - ಲೆಕ್ಕ (ನೆನಪು: 1386)
ಮೀಟರ್: ಏಪ್ರಿಲ್ 18 ರಂದು 8634 - ಕಂಡದ್ದು
```

ಕೊನೆಯ ಎರಡು ಸಾಲುಗಳನ್ನು ಗಮನಿಸಿ. ನೆನಪಿನ ಅಂಕಿ ತಪ್ಪು ಎಂದು ಗೊತ್ತಾದರೂ ಅದನ್ನು ಅಳಿಸಿಲ್ಲ. ಮೂಲ ಬಿಲ್ ಸಿಕ್ಕಿ ಅದರಲ್ಲಿ ನಿಜವಾಗಿಯೂ 1386 ಇದ್ದರೆ, ನಾವು ಕಾಣದ 18 ರೂಪಾಯಿಯ ಸಾಲೊಂದು ಅಲ್ಲಿದೆ ಎಂದು ಆಗ ತಿಳಿಯುತ್ತದೆ. ಆ ಸಾಧ್ಯತೆಯನ್ನು ಮುಚ್ಚಿಹಾಕುವ ಅಧಿಕಾರ ಟೈಪ್ ಮಾಡುವವರಿಗಿಲ್ಲ.

ಒಂಬತ್ತರ ಪರೀಕ್ಷೆ, ಮತ್ತು ಅದರ ಮಿತಿ

1386 ಮತ್ತು 1368ರ ನಡುವಿನ ವ್ಯತ್ಯಾಸ 18. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಲೆಕ್ಕಪತ್ರ ಬರೆಯುವವರು ಬಹಳ ಕಾಲದಿಂದ ಬಳಸುತ್ತಿರುವ ಪರೀಕ್ಷೆ ಇದು. ದಶಮಾಂಶ ಬಿಂದು ಒಂದು ಸ್ಥಾನ ಸರಿದಾಗಲೂ ಹೀಗೆಯೇ: 50.10 ಎಂಬುದನ್ನು 501.0 ಎಂದು ಟೈಪ್ ಮಾಡಿದರೆ ವ್ಯತ್ಯಾಸ 450.90, ಅದು 50.10ರ ಒಂಬತ್ತು ಪಟ್ಟು. ವ್ಯತ್ಯಾಸ ಯಾವುದಾದರೂ ಒಂದು ಸಾಲಿನ ಮೊತ್ತಕ್ಕೆ ಸಮನಾಗಿದ್ದರೆ ಆ ಸಾಲು ಬಿಟ್ಟುಹೋಗಿದೆ ಅಥವಾ ಎರಡು ಸಲ ಸೇರಿದೆ. ಒಂದು ಸಾಲಿನ ಎರಡರಷ್ಟಿದ್ದರೆ ಕಳೆಯಬೇಕಾದದ್ದನ್ನು ಕೂಡಿದ್ದೀರಿ.

ಆದರೆ ಒಂಬತ್ತರ ಪರೀಕ್ಷೆಯನ್ನು ಕಣ್ಣುಮುಚ್ಚಿ ನಂಬಬಾರದು, ಅದಕ್ಕೆ ಇದೇ ಬಿಲ್ ಸಾಕ್ಷಿ. 36 ದಿನ ಎಂಬುದನ್ನು ಗಮನಿಸದೆ ಸ್ಲ್ಯಾಬ್‌ಗಳನ್ನು 50, 50, 67 ಎಂದು ಒಡೆದಿದ್ದರೆ ವಿದ್ಯುತ್ ಶುಲ್ಕ 200, 275 ಮತ್ತು 469 ಸೇರಿ 944 ಆಗುತ್ತಿತ್ತು. ಬಿಲ್ಲಿನ 899ಕ್ಕೂ ಇದಕ್ಕೂ ವ್ಯತ್ಯಾಸ 45. ಅದೂ 9ರಿಂದ ಭಾಗವಾಗುತ್ತದೆ! ಅಂಕಿ ಅದಲುಬದಲಾಗಿದೆ ಎಂದು ಹುಡುಕಲು ಹೊರಟರೆ ಅರ್ಧ ದಿನ ಹೋಗುತ್ತದೆ, ಏನೂ ಸಿಗುವುದಿಲ್ಲ. 899ರ ಅಂಕಿಗಳನ್ನು ಹೇಗೆ ತಿರುಗಿಸಿದರೂ 944 ಬರುವುದಿಲ್ಲ. ಆದ್ದರಿಂದ ವ್ಯತ್ಯಾಸ 9ರಿಂದ ಭಾಗವಾದ ಕೂಡಲೇ, ನಿಜವಾಗಿ ಅಂಕಿಗಳನ್ನು ಅದಲುಬದಲು ಮಾಡಿ ನೋಡಿ. ಇನ್ನೊಂದು ಅಂಕಿ ಬಂದರೆ ಸರಿ, ಬರದಿದ್ದರೆ ಕಾರಣ ಬೇರೆ ಕಡೆ ಇದೆ, ಹೆಚ್ಚಿನ ಸಲ ಅದು ದಿನಗಳ ಲೆಕ್ಕದಲ್ಲೇ ಇರುತ್ತದೆ.

ಇನ್ನೊಂದು ಬಗೆಯ ಸ್ಲ್ಯಾಬ್ ಕೂಡ ಇದೆ. ಮೇಲಿನ ಉದಾಹರಣೆಯಲ್ಲಿ ಪ್ರತಿ ಹಂತದ ಯೂನಿಟ್‌ಗೆ ಆ ಹಂತದ ದರವಷ್ಟೇ ಬಿತ್ತು. ಕೆಲವು ಕಡೆ ಒಂದು ಮಿತಿ ದಾಟಿದರೆ ಮೊದಲ ಯೂನಿಟ್‌ನಿಂದ ಹಿಡಿದು ಎಲ್ಲಕ್ಕೂ ಮೇಲಿನ ದರವೇ ಬೀಳುತ್ತದೆ. ಹಾಗಿದ್ದರೆ 167 x 7.00 = 1169 ಆಗುತ್ತಿತ್ತು. ಹಳೆಯ ಬಿಲ್ಲಿನಲ್ಲಿ ಸ್ಲ್ಯಾಬ್‌ಗೆ ಒಂದೇ ಸಾಲು ಇದ್ದರೆ ಈ ಪದ್ಧತಿ ಇರಬಹುದು, ಅಥವಾ ಎಲ್ಲರಿಗೂ ಒಂದೇ ದರ ಇರಬಹುದು. ದರಪಟ್ಟಿ ನೋಡದೆ ಇದನ್ನು ತೀರ್ಮಾನಿಸಬೇಡಿ.

ಲೆಕ್ಕದಿಂದ ತೆಗೆಯಲಾಗದ ಸಾಲುಗಳು

ಹಿಂದಿನ ಬಾಕಿ, ಅದರ ಮೇಲಿನ ಬಡ್ಡಿ, ಹೆಚ್ಚುವರಿ ಠೇವಣಿ, ಹಿಂದಿನ ತಪ್ಪಿನ ಹೊಂದಾಣಿಕೆ, ಸಹಾಯಧನ ಇವು ಈ ತಿಂಗಳ ಯೂನಿಟ್‌ನಿಂದ ಹುಟ್ಟುವುದಿಲ್ಲ. ಇವುಗಳಲ್ಲಿ ಒಂದಿದ್ದರೂ ಮೇಲೆ ತೋರಿಸಿದ ಹಿಮ್ಮುಖ ಲೆಕ್ಕ ಅಪೂರ್ಣವಾಗುತ್ತದೆ. ಎರಡು ಇದ್ದರೆ ಯಾವುದು ಎಷ್ಟು ಎಂದು ಊಹಿಸಲು ಹೋಗಬೇಡಿ. ಮೊತ್ತದಲ್ಲಿ ಇಷ್ಟು ರೂಪಾಯಿಗೆ ಮೂಲ ಗೊತ್ತಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು, ಸಂಸ್ಥೆಯಿಂದ ಬಿಲ್ಲಿನ ಪ್ರತಿ ಕೇಳಿ ಪಡೆಯಿರಿ.

ಮೀಟರಿನ ಗುಣಕ, ಅಂದರೆ ರೀಡಿಂಗ್ ವ್ಯತ್ಯಾಸವನ್ನು ಯಾವುದರಿಂದ ಗುಣಿಸಿದರೆ ಯೂನಿಟ್ ಬರುತ್ತದೋ ಆ ಸಂಖ್ಯೆ, ಅದೂ ಹೀಗೆಯೇ ಕಾಡಬಹುದು. ಹೆಚ್ಚಿನ ಮನೆಗಳಲ್ಲಿ ಅದು 1, ಹೀಗಾಗಿ ಯಾರೂ ಗಮನಿಸುವುದಿಲ್ಲ. ದೊಡ್ಡ ಲೋಡ್ ಇರುವ ಕಡೆ, ಕರೆಂಟ್ ಟ್ರಾನ್ಸ್‌ಫಾರ್ಮರ್ ಜೋಡಿಸಿದ ಮೀಟರ್‌ಗಳಲ್ಲಿ, ಅದು 10 ಅಥವಾ 20 ಇರಬಹುದು. ರೀಡಿಂಗ್ ವ್ಯತ್ಯಾಸಕ್ಕೂ ಬಿಲ್ಲಿನ ಯೂನಿಟ್‌ಗೂ ಸರಿಯಾಗಿ ಹತ್ತು ಪಟ್ಟು ಅಥವಾ ಇಪ್ಪತ್ತು ಪಟ್ಟು ಅಂತರ ಕಂಡರೆ ಬಿಲ್ ತಪ್ಪು ಎಂದು ದೂರು ಕೊಡುವ ಮೊದಲು ಗುಣಕದ ಸಾಲನ್ನು ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸರಾಸರಿ ಬಿಲ್. ರೀಡಿಂಗ್‌ಗೆ ಬಂದಾಗ ಬಾಗಿಲಿಗೆ ಬೀಗ ಇದ್ದರೆ, ಅಥವಾ ಮೀಟರ್ ಕೆಟ್ಟಿದ್ದರೆ, ಹಿಂದಿನ ತಿಂಗಳುಗಳ ಬಳಕೆಯನ್ನು ಆಧರಿಸಿ ಯೂನಿಟ್ ಹಾಕುತ್ತಾರೆ. ಆಗ ಬಿಲ್ಲಿನ ಯೂನಿಟ್‌ಗೂ ಮೀಟರಿಗೂ ಸಂಬಂಧವೇ ಇರುವುದಿಲ್ಲ. ಇದನ್ನು ಗುರುತಿಸುವ ದಾರಿ ಸುಲಭ: ಇಂದಿನ ಮೀಟರ್ ರೀಡಿಂಗ್‌ನಿಂದ ದಿನದ ಬಳಕೆ ತೆಗೆದು 36 ದಿನಕ್ಕೆ ಗುಣಿಸಿದಾಗ 167ರ ಆಸುಪಾಸು ಬರಬೇಕಾದಲ್ಲಿ 110 ಅಥವಾ 230 ಬಂದರೆ, ಆ ತಿಂಗಳು ಮನೆಯಲ್ಲಿ ಬಳಕೆ ಬದಲಾಗಿರದಿದ್ದರೆ, ಬಿಲ್ ಸರಾಸರಿಯದ್ದಾಗಿರಬಹುದು. ಮನೆಗೆ ಬೀಗ ಹಾಕಿದ್ದಿರಾ ಎಂದು ಕೇಳಿ. ಸರಾಸರಿ ಬಿಲ್ ಆಗಿದ್ದರೆ ಸ್ಲ್ಯಾಬ್‌ವಾರು ಟೈಪ್ ಮಾಡಿ ಕೂಡಿ ಕಳೆಯುವುದರಿಂದ ಪ್ರಯೋಜನವಿಲ್ಲ. ಇಂದಿನ ರೀಡಿಂಗ್ ಅನ್ನು ದಿನಾಂಕದೊಂದಿಗೆ ಬರೆದಿಟ್ಟು, ನಿಜವಾದ ರೀಡಿಂಗ್ ತೆಗೆದುಕೊಳ್ಳುವಂತೆ ಸಂಸ್ಥೆಗೆ ಲಿಖಿತವಾಗಿ ಕೇಳುವುದೇ ಸರಿಯಾದ ಹೆಜ್ಜೆ.

ಟೈಪ್ ಮಾಡಿದ ಬರಹವನ್ನು ಲೆಕ್ಕ ಸರಿಹೋಯಿತು ಎಂದು ಅಳಿಸಬೇಡಿ. ಅದನ್ನು ನೀವೇ ನಿಮಗೆ ಕಳುಹಿಸಿಕೊಳ್ಳಿ ಅಥವಾ ಟಿಪ್ಪಣಿಯಲ್ಲಿ ಉಳಿಸಿ. ಮುಂದಿನ ಬಿಲ್ ಬಂದಾಗ ಅದರ ‘ಹಿಂದಿನ ರೀಡಿಂಗ್’ ಸಾಲನ್ನು ನೋಡಿ. ಅಲ್ಲಿ 8579 ಇದ್ದರೆ ನೀವು ಲೆಕ್ಕದಿಂದ ತೆಗೆದದ್ದೆಲ್ಲ ಸರಿ, ಆ ಸಾಲಿನ ಮುಂದಿನ ‘ಲೆಕ್ಕ’ ಎಂಬ ಪದ ತೆಗೆದು ‘ಕಂಡದ್ದು’ ಎಂದು ಬರೆಯಿರಿ. ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿದು ಯೂನಿಟ್ ಸಾಲಿನಿಂದ ಕೆಳಗಿನದೆಲ್ಲವನ್ನೂ ಮತ್ತೆ ಲೆಕ್ಕ ಹಾಕಿ.